ಆರು ವಾರದ ಡೆಡ್‌ಲೈನ್: ಮ್ಯಾನೇಜರ್ ಮುಂದೆ ಯಾವ ಲೆಕ್ಕ ಇಡಬೇಕು?

ಪ್ರಶ್ನೆ: ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್ ಆಗಿದ್ದೇನೆ. ಟೀಮಿನಲ್ಲಿ ನಾಲ್ವರು ಡೆವಲಪರ್, ಒಬ್ಬ ಟೆಸ್ಟರ್. ಸಾಲ ಕೊಡುವ ಸಂಸ್ಥೆಯೊಂದರ ಆ್ಯಪ್‌ಗೆ ಯುಪಿಐ ಆಟೋಪೇ ಸೇರಿಸಬೇಕು, ತಿಂಗಳ ಕಂತು ತಾನಾಗಿ ಕಡಿತವಾಗುವ ಹಾಗೆ. ಒಟ್ಟು 38 ಟಿಕೆಟ್, ಟೀಮ್ ಹಾಕಿದ ಅಂದಾಜು 110 ಮ್ಯಾನ್‌ಡೇ. ಇನ್ನು ಆರು ವಾರಕ್ಕೆ, ದಸರೆಗೆ ಮುಂಚೆ ಲೈವ್ ಎಂದು ಮ್ಯಾನೇಜರ್ ಕ್ಲೈಂಟಿಗೆ ಮಾತು ಕೊಟ್ಟುಬಿಟ್ಟಿದ್ದಾರೆ. "110 ದಿನದ ಕೆಲಸ, ಐದು ಜನ, ಅಂದ್ರೆ 22 ದಿನ. ನಿಮಗೆ 30 ದಿನ ಇದೆ, ಎಂಟು ದಿನ ಬಫರೇ ಇದೆಯಲ್ಲ" ಅನ್ನುತ್ತಾರೆ. ಆಗಲ್ಲ ಅಂತ ನನಗೆ ಗೊತ್ತು, ಆದರೆ ಆ ಲೆಕ್ಕಕ್ಕೆ ಉತ್ತರ ಹೊಳೆಯಲಿಲ್ಲ. "ಟ್ರೈ ಮಾಡ್ತೀವಿ ಸರ್" ಅಂದು ಬಂದೆ. ಬೇಕಾದರೆ ಇನ್ನಿಬ್ಬರನ್ನು ಕೊಡ್ತೀನಿ, ಶನಿವಾರ ಬನ್ನಿ ಅಂತಲೂ ಹೇಳಿದ್ದಾರೆ. ಅಪ್ರೈಸಲ್ ಬೇರೆ ಹತ್ತಿರ ಇದೆ. ಹೇಗೆ ಮಾತಾಡಲಿ?

ಉತ್ತರ: ಎಲ್ಲಕ್ಕಿಂತ ಮೊದಲು ಆ "ಟ್ರೈ ಮಾಡ್ತೀವಿ"ಯನ್ನು ಸರಿಮಾಡಿ. ನೀವು ಅದನ್ನು ಹೇಳಿದ್ದು ಅನುಮಾನದಿಂದ, ಅವರು ಕೇಳಿಸಿಕೊಂಡಿದ್ದು ಒಪ್ಪಿಗೆ ಎಂದು. ಇನ್ನೆರಡು ದಿನ ಕಳೆದರೆ ಅದು ಕ್ಲೈಂಟಿಗೆ "ಟೀಮ್ ಒಪ್ಪಿದೆ" ಎಂದು ತಲುಪಿರುತ್ತದೆ. ಆಮೇಲೆ ನೀವು ಎಂಥ ಲೆಕ್ಕ ತಂದರೂ ಮಾತಿಗೆ ತಪ್ಪಿದ ಹಾಗೆ ಕಾಣುತ್ತದೆ. ಆದ್ದರಿಂದ ಇವತ್ತೇ ಮೂರು ಸಾಲಿನ ಮೇಲ್ ಹಾಕಿ: "ಸರ್, ನಿನ್ನೆ ಮಾತಾಡಿದ ದಿನಾಂಕದ ಬಗ್ಗೆ ಟೀಮಿನ ಹಿಂದಿನ ಅಂಕಿ ನೋಡಿ ಲೆಕ್ಕ ಹಾಕುತ್ತಿದ್ದೇನೆ. ಗುರುವಾರ ಅರ್ಧ ಗಂಟೆ ಬೇಕು. ಅಲ್ಲಿಯವರೆಗೆ ಕ್ಲೈಂಟಿಗೆ ಪೂರ್ತಿ ಸ್ಕೋಪ್ ಖಚಿತ ಎಂದು ಹೇಳದಿದ್ದರೆ ಒಳ್ಳೆಯದು." ಇದರಲ್ಲಿ ಇಲ್ಲ ಎಂಬ ಮಾತು ಎಲ್ಲೂ ಇಲ್ಲ, ಆದರೆ ಹೌದು ಎಂಬುದನ್ನು ವಾಪಸು ತೆಗೆದುಕೊಂಡಂತಾಯಿತು.

ಇನ್ನು ಅವರ ಲೆಕ್ಕ. 110 ಭಾಗಿಸು 5, 22. ಭಾಗಾಕಾರ ಸರಿಯಾಗಿಯೇ ಇದೆ. ಅದಕ್ಕೇ ನಿಮಗೆ ಉತ್ತರ ಹೊಳೆಯಲಿಲ್ಲ. ತಪ್ಪು ಇರುವುದು ಭಾಗಿಸಿದ ಅಂಕಿಗಳಲ್ಲಿ: 110 ನಿಜವಾದ 110 ಅಲ್ಲ, ಐದು ಜನ ಪೂರ್ತಿ ಐದು ಜನ ಅಲ್ಲ, 30 ದಿನವೂ 30 ದಿನ ಅಲ್ಲ. ಇವನ್ನು ಒಂದೊಂದಾಗಿ ಬಿಡಿಸಿದರೆ ನೀವು "ಆಗಲ್ಲ" ಎಂಬ ಪದ ಬಳಸುವ ಅಗತ್ಯವೇ ಬೀಳುವುದಿಲ್ಲ. ನಿಮ್ಮ ಟೀಮಿನ ಒಳ ಅಂಕಿಗಳನ್ನು ನೀವು ಬರೆದಿಲ್ಲವಾದ್ದರಿಂದ ಇಷ್ಟೇ ದೊಡ್ಡ ಟೀಮಿಗೆ ಹೊಂದುವ ಮಾದರಿ ಅಂಕಿ ಹಾಕಿ ತೋರಿಸುತ್ತೇನೆ. ಆ ಜಾಗದಲ್ಲಿ ನಿಮ್ಮದನ್ನು ಹಾಕಿಕೊಳ್ಳಿ.

ಐದು ಜನ, ಮೂವತ್ತು ದಿನ

ಐದು ಜನಕ್ಕೆ ಆರು ವಾರ ಎಂದರೆ ಕಾಗದದ ಮೇಲೆ 150 ಮ್ಯಾನ್‌ಡೇ. ಅದರಲ್ಲಿ ಎರಡು ಹಬ್ಬದ ರಜೆ ಬರುತ್ತದೆ ಅಂದುಕೊಳ್ಳಿ, ಐದು ಜನಕ್ಕೆ ಹತ್ತು ದಿನ ಹೋಯಿತು, ಉಳಿದದ್ದು 140. ಈಗಾಗಲೇ ಮಂಜೂರಾದ ರಜೆಗಳನ್ನು ಕೂಡಿ. ಒಬ್ಬರ ಮದುವೆ, ಇನ್ನೊಬ್ಬರ ಊರಿನ ಕೆಲಸ ಸೇರಿ 9 ದಿನ ಎಂದಿಟ್ಟುಕೊಂಡರೆ 131. ಹಳೇ ಆ್ಯಪ್ ಇನ್ನೂ ಓಡುತ್ತಿದೆ, ಅದರ ಪ್ರೊಡಕ್ಷನ್ ಸಪೋರ್ಟಿಗೆ ಸರದಿಯಲ್ಲಿ ಒಬ್ಬರ ಅರ್ಧ ದಿನ ಹೋಗುತ್ತದೆ. 28 ಕೆಲಸದ ದಿನಕ್ಕೆ ಅದು 14, ಉಳಿದದ್ದು 117. ಬೆಳಗಿನ ಸ್ಟ್ಯಾಂಡಪ್, ಕ್ಲೈಂಟ್ ಕಾಲ್, ಕೋಡ್ ರಿವ್ಯೂ ಚರ್ಚೆ ಎಲ್ಲ ಸೇರಿ ಎಂಟು ಗಂಟೆಯಲ್ಲಿ ತಲೆಗೆ ಒಂದೂವರೆ ಗಂಟೆ. 131 ದಿನಕ್ಕೆ ಅದು ಸುಮಾರು 25. ಕೊನೆಗೆ ಕೈಗೆ ಸಿಗುವುದು 92 ಮ್ಯಾನ್‌ಡೇ.

150 ಎಂದುಕೊಂಡದ್ದು 92. ಇದರಲ್ಲಿ ಯಾರ ಸೋಮಾರಿತನವೂ ಇಲ್ಲ, ಎಲ್ಲವೂ ರಜೆ ಪಟ್ಟಿಯಲ್ಲಿ, ಸಪೋರ್ಟ್ ರೋಸ್ಟರಿನಲ್ಲಿ, ಕ್ಯಾಲೆಂಡರಿನಲ್ಲಿ ಕಾಣುವಂಥದ್ದು. ಕಾಣುವಂಥದ್ದನ್ನೇ ಹಾಕಿ. "ಕಾಂಟೆಕ್ಸ್ಟ್ ಸ್ವಿಚಿಂಗಿಗೆ 15 ಪರ್ಸೆಂಟ್" ಎಂಬಂಥ, ಎಲ್ಲೂ ತೋರಿಸಲಾಗದ ಕಡಿತವನ್ನು ಸೇರಿಸಿದರೆ ಮ್ಯಾನೇಜರ್ ಬೆರಳಿಡುವುದು ಅದರ ಮೇಲೇ. ಅದೊಂದು ಬಿದ್ದರೆ ಉಳಿದ ಲೆಕ್ಕವನ್ನೂ ಅನುಮಾನದಿಂದ ನೋಡುತ್ತಾರೆ. ನಿಮ್ಮನ್ನು ಆರನೆಯವರಾಗಿ ಎಣಿಸಬೇಡಿ. ಲೀಡ್ ಆದವರು ಕೋಡ್ ಬರೆಯುವ ಸಮಯ ವಾರದಿಂದ ವಾರಕ್ಕೆ ಬದಲಾಗುತ್ತದೆ, ಅದನ್ನು ನಂಬಿ ದಿನಾಂಕ ಕೊಡಲಾಗದು.

110 ಎಂಬ ಅಂದಾಜು

ಮ್ಯಾನೇಜರ್ ಇಲ್ಲಿ ಒಂದು ಮಾತು ಹೇಳಿಯೇ ಹೇಳುತ್ತಾರೆ: "ಅಂದಾಜು ಕೊಟ್ಟವರು ನೀವೇ ತಾನೆ?" ಹೌದು, ನೀವೇ. ಆದರೆ ಜನ ತಮ್ಮ ಕೆಲಸದ ಅಂದಾಜು ಹಾಕುವಾಗ ಎಲ್ಲ ಸರಿಯಾಗಿ ನಡೆದರೆ ಎಷ್ಟು ದಿನ ಎಂದೇ ಯೋಚಿಸುತ್ತಾರೆ. ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾನ್‌ಮನ್ ಮತ್ತು ಏಮೋಸ್ ಟ್ವೆರ್‌ಸ್ಕಿ 1979ರಲ್ಲೇ ಇದನ್ನು ಪ್ಲ್ಯಾನಿಂಗ್ ಫ್ಯಾಲಸಿ ಎಂದು ಕರೆದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮನಃಶಾಸ್ತ್ರದ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 33.9 ದಿನ ಸಾಕು ಎಂದಿದ್ದರು, ಹಿಡಿದದ್ದು 55.5 ದಿನ. ಎಲ್ಲ ಕೆಟ್ಟರೆ ಎಷ್ಟು ದಿನ ಎಂದು ಕೇಳಿದಾಗ ಹೇಳಿದ್ದೂ 48.6 ಮಾತ್ರ. ಅಂದರೆ ಅವರ "ಕೆಟ್ಟ" ಅಂದಾಜನ್ನೂ ನಿಜ ಮೀರಿತು. ಹಾಗಾಗಿ "ಸ್ವಲ್ಪ ಬಫರ್ ಹಾಕೋಣ" ಎಂದು ಊಹೆಯ ಮೇಲೆ ಇನ್ನೊಂದು ಊಹೆ ಪೇರಿಸಿದರೆ ಪ್ರಯೋಜನವಿಲ್ಲ. ನಿಮ್ಮ ಹಳೇ ಅಂದಾಜಿಗೂ ಹಳೇ ವಾಸ್ತವಕ್ಕೂ ನಡುವಿನ ಅಂತರವನ್ನು ಅಳೆಯಬೇಕು.

ಅದು ಕಷ್ಟವಲ್ಲ. ಹಿಂದಿನ ದೊಡ್ಡ ರಿಲೀಸ್ ಒಂದನ್ನು ತೆಗೆದುಕೊಳ್ಳಿ. ಶುರುವಿನಲ್ಲಿ ಹಾಕಿದ್ದ ಅಂದಾಜು, ಟೈಮ್‌ಶೀಟಿನಲ್ಲಿ ಬಂದ ನಿಜವಾದ ದಿನ, ಎರಡನ್ನೂ ಅದೇ ಟಿಕೆಟ್‌ಗಳಿಗೆ ಕೂಡಿ. 80 ಎಂದದ್ದು 116 ಆಗಿದ್ದರೆ ನಿಮ್ಮ ಟೀಮಿನ ಗುಣಕ 1.45. ಅದನ್ನು ಹಚ್ಚಿದರೆ 110 ಆಗುವುದು ಸುಮಾರು 160. ಒಂದೇ ರಿಲೀಸಿನ ಮೇಲೆ ನಿಲ್ಲುವುದಕ್ಕಿಂತ ಎರಡು ಮೂರು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಒಂದೇ ಎಂದು ಕಾಗದದಲ್ಲೇ ಬರೆಯಿರಿ.

ಈಗ 92 ಮ್ಯಾನ್‌ಡೇಯನ್ನು 28 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 3.3. 160ರ ಕೆಲಸಕ್ಕೆ ಸುಮಾರು 48 ದಿನ ಬೇಕು. ಮ್ಯಾನೇಜರ್ ಹೇಳಿದ 22ರ ಜಾಗದಲ್ಲಿ 48.

ಕಾಯುವ ದಿನಗಳು

ಇದನ್ನು ನೀವು ಪ್ರಶ್ನೆಯಲ್ಲಿ ಬರೆದೇ ಇಲ್ಲ, ಆದರೆ ಹಣ ಕಡಿತವಾಗುವ ಕೆಲಸದಲ್ಲಿ ಇದು ಇಲ್ಲದೆ ಇರುವುದಿಲ್ಲ. ಕೋಡ್ ಮುಗಿದ ಮೇಲೆ ಬ್ಯಾಂಕ್ ಅಥವಾ ಪೇಮೆಂಟ್ ಗೇಟ್‌ವೇ ಕಡೆಯ ಯುಎಟಿ ಎಂಬ ಒಪ್ಪಿಗೆ ಪರೀಕ್ಷೆ, ಕ್ಲೈಂಟಿನ ಸೆಕ್ಯುರಿಟಿ ಆಡಿಟ್, ಅದರಲ್ಲಿ ಸಿಕ್ಕ ದೋಷ ತಿದ್ದಿ ಮತ್ತೆ ಪರೀಕ್ಷೆ. ಇದು ನಿಮ್ಮ ಕೈಯಲ್ಲಿರದ ಸಮಯ. ಹಿಂದಿನ ರಿಲೀಸಿನಲ್ಲಿ ಬಿಲ್ಡ್ ಕಳಿಸಿದ ಮೇಲ್ ಮತ್ತು ಕೊನೆಯ ಸೈನಾಫ್ ಮೇಲ್, ಈ ಎರಡರ ತಾರೀಖು ನೋಡಿ. 12 ಕೆಲಸದ ದಿನ ಹಿಡಿದಿತ್ತು ಎಂದಿಟ್ಟುಕೊಳ್ಳೋಣ. ಹಾಗಾದರೆ 28ನೇ ದಿನ ಲೈವ್ ಆಗಬೇಕಾದರೆ 16ನೇ ದಿನ ಕೋಡ್ ಫ್ರೀಜ್ ಆಗಿರಬೇಕು. ಆರು ವಾರ ಎಂದುಕೊಂಡದ್ದು ಕೆಲಸಕ್ಕೆ ಸಿಗುವುದು ಮೂರು ವಾರ ಒಂದು ದಿನ.

ಇಡೀ ಮಾತುಕತೆಯಲ್ಲಿ ಹೆಚ್ಚು ತೂಕವಿರುವುದು ಈ ಅಂಕಿಗೆ. ಏಕೆಂದರೆ ಇದನ್ನು ಜನ ಸೇರಿಸಿ, ರಾತ್ರಿ ಕೂರಿಸಿ, ಬೈದು ಕಡಿಮೆ ಮಾಡಲಾಗುವುದಿಲ್ಲ. ನಿಮ್ಮ ಟೀಮಿನ ವೇಗದ ಬಗ್ಗೆ ಮ್ಯಾನೇಜರ್ ವಾದ ಮಾಡಬಹುದು, ಬ್ಯಾಂಕಿನ ವೇಗದ ಬಗ್ಗೆ ನಿಮ್ಮ ಜೊತೆ ವಾದ ಮಾಡಿ ಅವರಿಗೆ ಏನೂ ಸಿಗದು. ಕಡಿಮೆ ಮಾಡಲು ಒಂದೇ ದಾರಿ, ಬೇಗ ಶುರು ಮಾಡುವುದು: ಯುಎಟಿಯ ಅರ್ಜಿ, ಟೆಸ್ಟ್ ಖಾತೆಗಳು, ಐಪಿ ವೈಟ್‌ಲಿಸ್ಟಿಂಗ್ ಎಲ್ಲವನ್ನೂ ಮೊದಲ ವಾರದಲ್ಲೇ ಹಾಕಿ, ಆಡಿಟರ ಸ್ಲಾಟ್ ಈಗಲೇ ಬುಕ್ ಮಾಡಿಸುವುದು. ಇದನ್ನು ಮ್ಯಾನೇಜರೇ ಕ್ಲೈಂಟಿಗೆ ಕೇಳಬೇಕು. ಹಾಗಾಗಿ ಮಾತುಕತೆಯಲ್ಲಿ ಅವರಿಗೂ ಒಂದು ಕೆಲಸ ಸಿಗುತ್ತದೆ, ಅದು ಒಳ್ಳೆಯದೇ.

ಒಬ್ಬರೇ ಟೆಸ್ಟರ್

ಐದು ಜನರನ್ನು ಕೂಡಿಸಿ ಭಾಗಿಸುವಾಗ ಡೆವಲಪರ್ ಮತ್ತು ಟೆಸ್ಟರ್ ಒಂದೇ ಎಂದು ಆಗಿಬಿಡುತ್ತದೆ. ಅಲ್ಲವಲ್ಲ. ಒಂದು ಟಿಕೆಟ್ ಪರೀಕ್ಷಿಸಲು, ದೋಷ ತಿದ್ದಿ ಬಂದಾಗ ಮತ್ತೆ ನೋಡಲು ಸೇರಿ ಮುಕ್ಕಾಲು ದಿನ ಎಂದರೆ 38ಕ್ಕೆ 28.5 ದಿನ. ಹಳೆಯದೆಲ್ಲ ಕೆಟ್ಟಿಲ್ಲ ಎಂದು ನೋಡುವ ರಿಗ್ರೆಷನ್‌ಗೆ ಇನ್ನೂ 4. ಒಟ್ಟು 32.5. ಮೀಟಿಂಗ್ ಕಳೆದು 28 ದಿನದಲ್ಲಿ ಒಬ್ಬ ಟೆಸ್ಟರ್‌ಗೆ ಸಿಗುವುದು ಸುಮಾರು 23 ದಿನ. ಅಂದರೆ ಡೆವಲಪರ್‌ಗಳು ನಾಳೆ ಬೆಳಿಗ್ಗೆಯೇ 38 ಟಿಕೆಟ್ ಮುಗಿಸಿಕೊಟ್ಟರೂ ಆರು ವಾರದಲ್ಲಿ ಪರೀಕ್ಷೆ ಮುಗಿಯುವುದಿಲ್ಲ, ಬ್ಯಾಂಕಿನ 12 ದಿನ ಬಿಟ್ಟೂ.

ನಿಮ್ಮಲ್ಲಿ ಹೀಗಿದೆಯೇ ಎಂದು ತಿಳಿಯಲು ಬೋರ್ಡ್ ನೋಡಿದರೆ ಸಾಕು. "ರೆಡಿ ಫಾರ್ ಕ್ಯೂಎ" ಕಾಲಮಿನಲ್ಲಿ ಟಿಕೆಟ್‌ಗಳು ಎರಡು ಮೂರು ದಿನ ಸುಮ್ಮನೆ ನಿಂತಿವೆ, ಸ್ಪ್ರಿಂಟಿನ ಕೊನೆಯ ಎರಡು ದಿನ ಅಲ್ಲಿ ಗುಂಪು ಸೇರುತ್ತದೆ ಎಂದರೆ ತಡೆ ಇರುವುದು ಅಲ್ಲೇ. ಅಂಥ ಟೀಮಿಗೆ ಇಬ್ಬರು ಡೆವಲಪರ್ ಸೇರಿಸಿದರೆ ಗುಂಪು ದೊಡ್ಡದಾಗುತ್ತದೆ, ರಿಲೀಸ್ ಬೇಗ ಆಗುವುದಿಲ್ಲ.

ಅಂದಾಜನ್ನೇ ಬಿಟ್ಟು ಇನ್ನೊಂದು ಲೆಕ್ಕ

ಮೇಲಿನದೆಲ್ಲ ಮ್ಯಾನ್‌ಡೇ ಲೆಕ್ಕ. ಅದನ್ನು ತಾಳೆ ನೋಡಲು ಪೂರ್ತಿ ಬೇರೆ ದಾರಿ ಇದೆ: ಟೀಮ್ ಇದುವರೆಗೆ ಪ್ರತಿ ಸ್ಪ್ರಿಂಟಿನಲ್ಲಿ ಎಷ್ಟು ಟಿಕೆಟ್ ಮುಗಿಸಿದೆ ಎಂದು ಎಣಿಸುವುದು. ನೀವು ಜಿರಾ ಬಳಸುತ್ತಿದ್ದರೆ ಕಳೆದ 12 ವಾರದ ಪಟ್ಟಿ ಹೀಗೆ ಸಿಗುತ್ತದೆ (LOAN ಎಂಬಲ್ಲಿ ನಿಮ್ಮ ಪ್ರಾಜೆಕ್ಟ್ ಕೀ ಹಾಕಿ):

```
project = LOAN AND issuetype in (Story, Task)
AND status CHANGED TO "Done" AFTER -12w
```

ಇದರಲ್ಲಿ ಬಗ್‌ಗಳನ್ನು ಬೇಕೆಂದೇ ಬಿಟ್ಟಿದೆ. ನಿಮ್ಮ 38ರಲ್ಲಿ ಮುಂದೆ ಹುಟ್ಟುವ ಬಗ್‌ಗಳು ಇಲ್ಲ. ಹಳೇ ಎಣಿಕೆಯಲ್ಲಿ ಬಗ್ ಸೇರಿಸಿದರೆ ವೇಗ ಸುಳ್ಳೇ ಹೆಚ್ಚಾಗಿ ಕಾಣುತ್ತದೆ. ಬಗ್ ತಿದ್ದಲು ಹೋದ ಸಮಯ ಹೇಗೂ ಮುಗಿದ ಸ್ಟೋರಿಗಳ ಸಂಖ್ಯೆಯಲ್ಲಿ ಕಡಿತವಾಗಿಯೇ ಬಂದಿರುತ್ತದೆ.

ಎರಡು ವಾರದ ಆರು ಸ್ಪ್ರಿಂಟ್‌ಗಳಲ್ಲಿ 9, 7, 10, 6, 8, 8 ಎಂದು ಬಂತು ಅನ್ನಿ. ಒಟ್ಟು 48, ಸರಾಸರಿ 8. 38ನ್ನು 8ರಿಂದ ಭಾಗಿಸಿದರೆ 4.75 ಸ್ಪ್ರಿಂಟ್, ಅಂದರೆ ಸುಮಾರು 48 ಕೆಲಸದ ದಿನ. ಮ್ಯಾನ್‌ಡೇ ಲೆಕ್ಕದಲ್ಲೂ ಬಂದದ್ದು 48. ಎರಡು ಬೇರೆ ದಾರಿ ಹಿಡಿದು ಒಂದೇ ಊರು ತಲುಪಿದ ಹಾಗೆ. ನಿಮ್ಮಲ್ಲಿ ಇಷ್ಟು ಚೆಂದವಾಗಿ ಹೊಂದದೇ ಇರಬಹುದು. 40 ಮತ್ತು 50 ಬಂದರೂ ಸಾಕು, ಎರಡೂ 22ರಿಂದ ದೂರ. ಆದರೆ ಒಂದು 25, ಇನ್ನೊಂದು 50 ಬಂದರೆ ಮ್ಯಾನೇಜರ್ ಹತ್ತಿರ ಹೋಗುವ ಮುಂಚೆ ಯಾವುದು ತಪ್ಪು ಎಂದು ಹುಡುಕಿ. ಸಾಮಾನ್ಯವಾಗಿ ಹೊಸ ಟಿಕೆಟ್‌ಗಳ ಗಾತ್ರ ಹಳೆಯದಕ್ಕಿಂತ ತೀರಾ ಬೇರೆ ಆಗಿರುತ್ತದೆ. ವಾರಕ್ಕಿಂತ ಹೆಚ್ಚು ಹಿಡಿಯುವಂತೆ ಕಾಣುವ ಟಿಕೆಟ್‌ಗಳನ್ನು ಒಡೆದು ಮತ್ತೆ ಎಣಿಸಿ.

48ಕ್ಕೆ ಬ್ಯಾಂಕಿನ 12 ಸೇರಿದರೆ 60 ಕೆಲಸದ ದಿನ, 12 ವಾರ. ಇನ್ನೊಂದು ವಿಷಯ ಉಳಿಯಿತು: 38 ಟಿಕೆಟ್ 38ರಲ್ಲೇ ನಿಲ್ಲುವುದಿಲ್ಲ. ಹಿಂದಿನ ರಿಲೀಸ್ 30ರಲ್ಲಿ ಶುರುವಾಗಿ 39ರಲ್ಲಿ ಮುಗಿದಿದ್ದರೆ ಬೆಳವಣಿಗೆ ಶೇ. 30. ಹಾಗೆ ಬೆಳೆದರೆ ಈಗಿನದು ಸುಮಾರು 49 ಆಗುತ್ತದೆ, 12 ವಾರ 15 ಆಗುತ್ತದೆ. ನಿಮ್ಮ ಉತ್ತರ ಒಂದು ದಿನಾಂಕವಲ್ಲ, 12ರಿಂದ 15 ವಾರ ಎಂಬ ವ್ಯಾಪ್ತಿ. ಅದನ್ನು ಹಾಗೆಯೇ ಹೇಳಿ. "13 ವಾರ" ಎಂದು ಒಂದೇ ಅಂಕಿ ಕೊಟ್ಟರೆ ನಾಳೆ ಅದೇ ಹೊಸ ಡೆಡ್‌ಲೈನ್.

ದಿನಾಂಕ ಬಂದದ್ದು ಎಲ್ಲಿಂದ

ಈ ಕಾಗದ ಹಿಡಿದು ನೇರವಾಗಿ ನುಗ್ಗಬೇಡಿ. ಮೊದಲು ಕೇಳಿ: "ಸರ್, ದಸರೆಗೆ ಮುಂಚೆ ಎಂಬುದು ಯಾವುದಕ್ಕೋಸ್ಕರ? ಆ ದಿನ ನಿಜವಾಗಿ ಏನು ನಡೆಯಬೇಕು?" ಮ್ಯಾನೇಜರ್ ಹಠಮಾರಿ ಎಂದು ಟೀಮಿನಲ್ಲಿ ಅಂದುಕೊಳ್ಳುವುದು ಸಹಜ, ಆದರೆ ಬಹಳ ಸಲ ಆ ದಿನಾಂಕ ಅವರದ್ದೂ ಆಗಿರುವುದಿಲ್ಲ. ಸೇಲ್ಸ್‌ನವರು ಹೇಳಿದ್ದು, ಅವರ ಮೇಲಿನವರು ಒಪ್ಪಿದ್ದು, ಇವರು ಹೊತ್ತದ್ದು. ಒಪ್ಪಂದದಲ್ಲಿ ಬರೆದು ದಂಡ ಇರುವ ದಿನಾಂಕ ಒಂದು ಬಗೆ. ಹಬ್ಬದ ಸಾಲಮೇಳದಂಥ ಕಾರ್ಯಕ್ರಮಕ್ಕೆ ಕಟ್ಟಿದ ದಿನಾಂಕ ಇನ್ನೊಂದು. "ಬೇಗ ಆದರೆ ಚೆನ್ನ" ಎಂದು ಯಾರೋ ಸ್ಲೈಡಿನಲ್ಲಿ ಹಾಕಿದ್ದು ಮೂರನೆಯದು. ಮೂರನೆಯದಾದರೆ ದಿನಾಂಕವೇ ಸರಿಯುತ್ತದೆ. ಮೊದಲ ಎರಡಾದರೆ ಸರಿಯುವುದಿಲ್ಲ, ಸರಿಯಬೇಕಾದ್ದು ಸ್ಕೋಪ್.

ಸಾಲಮೇಳದ ಉದಾಹರಣೆಯನ್ನೇ ನೋಡಿ. ಮೇಳದ ದಿನ ಹೊಸ ಸಾಲಗಾರರಿಂದ ಆಟೋಪೇಗೆ ಒಪ್ಪಿಗೆ ಪಡೆಯಬೇಕು, ಅಷ್ಟೇ. ಅವರ ಮೊದಲ ಕಂತು ಕಡಿತವಾಗುವುದು ಮುಂದಿನ ತಿಂಗಳು. ಹಾಗಾದರೆ ಆ ದಿನ 38 ಟಿಕೆಟ್ ಯಾಕೆ ಬೇಕು?

ಏನನ್ನು ಮುಂದಿಡಬಹುದು

16 ದಿನದಲ್ಲಿ, ಅಂದರೆ 1.6 ಸ್ಪ್ರಿಂಟಿನಲ್ಲಿ, ಸರಾಸರಿ ವೇಗಕ್ಕೆ 13 ಟಿಕೆಟ್ ಆಗುತ್ತದೆ. ಟೀಮಿನ ಅತಿ ನಿಧಾನದ ಸ್ಪ್ರಿಂಟಿನ ವೇಗಕ್ಕೆ 9. ಟಿಕೆಟ್ ಬೆಳೆಯುವುದನ್ನೂ ಸೇರಿಸಿದರೆ ಶುರುವಿನಲ್ಲಿ 10 ಆರಿಸಿಕೊಳ್ಳುವುದು ಸರಿ, ಅದು ಬೆಳೆದು 13 ಆದರೂ ಸರಾಸರಿ ವೇಗಕ್ಕೆ ಹಿಡಿಯುತ್ತದೆ. ನಿಧಾನದ ವೇಗ ಬಂದರೆ ಇದೂ ಒಂದು ವಾರ ತಡವಾಗಬಹುದು, ಅದನ್ನು ಮುಚ್ಚಿಡಬೇಡಿ. ಆ ಹತ್ತರಲ್ಲೇ ಕೊನೆಗೆ ಬಿಡಬಹುದಾದ ಎರಡನ್ನು ಈಗಲೇ ಗುರುತು ಮಾಡಿ.

ಯಾವ ಹತ್ತು? ಗ್ರಾಹಕರು ಮ್ಯಾಂಡೇಟ್, ಅಂದರೆ ಆಟೋಪೇಗೆ ಒಪ್ಪಿಗೆ, ಯುಪಿಐ ಪಿನ್ ಹಾಕಿ ಕೊಡುವುದು, ಒಪ್ಪಿಗೆಯ ಸ್ಥಿತಿ ನಿಮ್ಮ ಸಿಸ್ಟಮಿಗೆ ವಾಪಸು ಬರುವುದು, ಕಡಿತ, ಅದರ ಯಶಸ್ಸು ಅಥವಾ ವಿಫಲತೆಯ ದಾಖಲೆ, ಮ್ಯಾಂಡೇಟ್ ರದ್ದು ಮಾಡುವುದು, ಕಡಿತಕ್ಕೆ ಮುಂಚಿನ ಸೂಚನೆ. ಕೊನೆಯ ಎರಡನ್ನು ಕತ್ತರಿಸಲಾಗದು. ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಗ್ರಾಹಕರಿಗೆ ತಿಳಿಸಬೇಕು, ಮ್ಯಾಂಡೇಟನ್ನು ಅವರು ಹಿಂಪಡೆಯಲು ಅವಕಾಶವಿರಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಇಂಥದ್ದನ್ನು "ಆಮೇಲೆ ಮಾಡೋಣ" ಪಟ್ಟಿಗೆ ಹಾಕಿದರೆ ಕ್ಲೈಂಟಿನ ಕಂಪ್ಲಯನ್ಸ್‌ನವರು ಮೊದಲ ಸಭೆಯಲ್ಲೇ ಹಿಡಿಯುತ್ತಾರೆ. ಮುಂದೂಡಬಹುದಾದ್ದು: ವಿಫಲವಾದ ಕಂತನ್ನು ತಾನಾಗಿ ಮತ್ತೆ ಯತ್ನಿಸುವುದು (ಮೊದಲ ತಿಂಗಳು ಆಪರೇಷನ್ಸ್‌ನವರು ಪಟ್ಟಿ ನೋಡಿ ಫೋನ್ ಮಾಡಲಿ), ಮೊತ್ತ ಬದಲಿಸುವುದು, ಅಡ್ಮಿನ್ ಡ್ಯಾಶ್‌ಬೋರ್ಡ್, ರೀಕನ್ಸಿಲಿಯೇಷನ್ ಪರದೆ. ಕೊನೆಯದರ ಬದಲು ದಿನಕ್ಕೊಂದು ಸಿಎಸ್‌ವಿ ಫೈಲ್ ಕೊಟ್ಟರೆ ಕೆಲವು ತಿಂಗಳು ನಡೆಯುತ್ತದೆ. ಹಳೇ ಸಾಲಗಾರರನ್ನು ಸೇರಿಸುವುದನ್ನೂ ಎರಡನೇ ಹಂತಕ್ಕೆ ಬಿಡಿ.

ಇನ್ನೂ ಬಿಗಿಯಾಗಿದ್ದರೆ ಒಪ್ಪಿಗೆ ಪಡೆಯುವ ಭಾಗವನ್ನು ಮಾತ್ರ ಮೇಳಕ್ಕೆ ಕೊಟ್ಟು, ಸೂಚನೆ ಮತ್ತು ಕಡಿತವನ್ನು ಮೊದಲ ಕಂತಿನ ದಿನಕ್ಕೆ ಮುಂಚೆ ಬಿಡುಗಡೆ ಮಾಡಬಹುದು. ಆದರೆ ಇದರಲ್ಲಿ ಎರಡು ಅಪಾಯ. ಬ್ಯಾಂಕಿನ ಪರೀಕ್ಷೆ ಎರಡು ಸಲ ಆಗುತ್ತದೆ. ಮತ್ತೆ, ಒಮ್ಮೆ ಜನರಿಂದ ಒಪ್ಪಿಗೆ ಪಡೆದ ಮೇಲೆ ಆ ಎರಡನೇ ದಿನಾಂಕ ಒಂದು ದಿನವೂ ಸರಿಯುವಂತಿಲ್ಲ. ನನ್ನನ್ನು ಕೇಳಿದರೆ ಹತ್ತು ಟಿಕೆಟ್‌ನ ದಾರಿಯೇ ಮೇಲು.

ಇಬ್ಬರನ್ನು ಕೊಡುತ್ತೇನೆ ಎಂಬ ಮಾತನ್ನು ತಳ್ಳಿಹಾಕಬೇಡಿ, ತಿರುಗಿಸಿ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಇನ್ನಷ್ಟು ತಡವಾಗುತ್ತದೆ ಎಂದು ಐಬಿಎಂನಲ್ಲಿ ಕೆಲಸ ಮಾಡಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಹೊಸಬರಿಗೆ ಕಲಿಸುವವರು ಹಳಬರೇ, ಆ ದಿನಗಳು ಅವರ ಕೆಲಸದಿಂದಲೇ ಹೋಗುತ್ತವೆ. ಐದು ಜನರ ನಡುವೆ ಮಾತಾಡಿಕೊಳ್ಳಬೇಕಾದ ಜೋಡಿ ಹತ್ತು, ಏಳು ಜನಕ್ಕೆ ಅದು ಇಪ್ಪತ್ತೊಂದು. ನಿಮಗಿರುವುದು 16 ದಿನ, ಹೊಸಬರು ಕೋಡ್ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಅದು ಮುಗಿದಿರುತ್ತದೆ. ಆದರೆ ಒಬ್ಬ ಟೆಸ್ಟರ್ ಕೇಳಿ, ತಡೆ ಇರುವುದು ಅಲ್ಲಿ, ಕಲಿಕೆಯೂ ಕಡಿಮೆ. ಇನ್ನೊಬ್ಬರನ್ನು ಹಳೇ ಆ್ಯಪಿನ ಸಪೋರ್ಟಿಗೆ ಕೂರಿಸಿ ಎನ್ನಿ. ರನ್‌ಬುಕ್ ಇದ್ದರೆ ಮೊದಲ ಹಂತದ ದೂರು ಅವರು ನೋಡಿಕೊಳ್ಳುತ್ತಾರೆ, 16 ದಿನದಲ್ಲಿ 8 ಮ್ಯಾನ್‌ಡೇ ಉಳಿಯುತ್ತದೆ, ಅದು ಸುಮಾರು ಎರಡು ಟಿಕೆಟ್.

ಶನಿವಾರದ ಲೆಕ್ಕ ಸಣ್ಣದು. ಫ್ರೀಜ್‌ಗೆ ಮುಂಚೆ ಬರುವ ಶನಿವಾರ ಮೂರು. ಐದು ಜನಕ್ಕೆ 15 ಮ್ಯಾನ್‌ಡೇ. ಒಂದು ಟಿಕೆಟಿಗೆ 160 ಭಾಗಿಸು 38, ಅಂದರೆ ನಾಲ್ಕಕ್ಕೂ ಸ್ವಲ್ಪ ಹೆಚ್ಚು. ಎಲ್ಲರೂ ಬಂದರೂ ಹೆಚ್ಚೆಂದರೆ ಮೂರು ಟಿಕೆಟ್, ಅದೂ ಸುಸ್ತಿನ ಬಗ್‌ಗಳನ್ನು ಲೆಕ್ಕಕ್ಕೆ ಹಿಡಿಯದೆ. ಯುಎಟಿಯಲ್ಲಿ ದೋಷ ಬಂದ ವಾರಕ್ಕೆ ಒಂದು ಶನಿವಾರ ಇಟ್ಟುಕೊಳ್ಳಿ, ಯೋಜನೆಯೊಳಗೇ ಸೇರಿಸಿಬಿಡಬೇಡಿ.

ಕೂತು ಮಾತಾಡುವಾಗ

ಕ್ಲೈಂಟ್ ಇರುವ ಕಾಲಿನಲ್ಲಿ, ಟೀಮಿನ ಎದುರು ಈ ವಿಷಯ ಎತ್ತಬೇಡಿ. ಒಬ್ಬರೇ ಸಿಗುವಾಗ, ಒಂದೇ ಪುಟದೊಂದಿಗೆ ಕೂರಿ. ಅದರಲ್ಲಿ 150 ಹೇಗೆ 92 ಆಯಿತು, ಆರು ಸ್ಪ್ರಿಂಟ್‌ಗಳ ಸಂಖ್ಯೆ, ಬ್ಯಾಂಕಿನ 12 ದಿನ, ಕೆಳಗೆ ಎರಡು ಆಯ್ಕೆ. ನಲವತ್ತು ಸಾಲಿನ ಶೀಟ್ ಲ್ಯಾಪ್‌ಟಾಪಿನಲ್ಲಿರಲಿ, ಕೇಳಿದರೆ ತೆರೆಯಿರಿ. ಪುಟವನ್ನು ಮ್ಯಾನೇಜರ್ ಹಾಗೆಯೇ ತಮ್ಮ ಮೇಲಿನವರಿಗೆ ಕಳಿಸುವಂತೆ ಬರೆಯಿರಿ, ಏಕೆಂದರೆ ಮಾತು ಕೊಟ್ಟವರು ಅವರು, ಅದನ್ನು ಬದಲಿಸಲು ಅವರ ಕೈಯಲ್ಲೂ ಏನಾದರೂ ಬೇಕು.

ಮಾತು ಹೀಗಿರಬಹುದು: "ಸರ್, ದಸರೆಗೆ ಮುಂಚೆ ಲೈವ್ ಹೋಗಬಹುದು. ಹೊಸ ಸಾಲಗಾರರಿಗೆ ಮ್ಯಾಂಡೇಟ್, ಸೂಚನೆ, ಕಡಿತ, ರದ್ದತಿ ಇರುತ್ತೆ. ಉಳಿದದ್ದು ಎರಡನೇ ಹಂತಕ್ಕೆ. ಪೂರ್ತಿ 38 ಒಟ್ಟಿಗೇ ಬೇಕು ಅಂದ್ರೆ 12ರಿಂದ 15 ವಾರ. ಯಾವುದು ಕ್ಲೈಂಟಿಗೆ ಹೆಚ್ಚು ಮುಖ್ಯ ಅಂತ ನೀವು ಹೇಳಿದರೆ ಆ ಪ್ರಕಾರ ಇವತ್ತೇ ಶುರು ಮಾಡ್ತೀವಿ." ಆಮೇಲೆ ಸುಮ್ಮನಿರಿ. ಆ ಮೌನ ತುಂಬಲು ಹೋಗಿ "ಬೇಕಿದ್ರೆ ಡ್ಯಾಶ್‌ಬೋರ್ಡೂ ನೋಡೋಣ" ಅಂದುಬಿಡುವವರೇ ಹೆಚ್ಚು.

ಅವರು ಬಿಡುವುದಿಲ್ಲ. "ಕಳೆದ ಸ್ಪ್ರಿಂಟ್‌ಗಳಲ್ಲಿ ಅಡಚಣೆ ಇತ್ತು, ಈಗ ಇರಲ್ಲ" ಎಂದರೆ ಆ ಅಡಚಣೆ ಯಾವುದು, ಈಗ ಯಾಕೆ ಇರುವುದಿಲ್ಲ ಎಂದು ಕೇಳಿ. ನಿಜವಾಗಿ ಹೋಗಿದ್ದರೆ ಆ ಸ್ಪ್ರಿಂಟ್ ಬಿಟ್ಟು ಅವರೆದುರೇ ಲೆಕ್ಕ ಹಾಕಿ. 6 ಬಂದಿದ್ದನ್ನು ತೆಗೆದರೆ ಸರಾಸರಿ 8.4 ಆಗುತ್ತದೆ, ಅಷ್ಟೇ. "ಬಿಗಿ ಡೆಡ್‌ಲೈನ್ ಇದ್ದರೇ ಜನ ಕೆಲಸ ಮಾಡೋದು" ಎಂದರೆ ಅದರಲ್ಲಿ ಸ್ವಲ್ಪ ನಿಜ ಇದೆ ಎಂದು ಒಪ್ಪಿ, ಸಡಿಲ ಬಿಟ್ಟರೆ ಕೆಲಸ ಹಿಗ್ಗುತ್ತದೆ. ಆದರೆ ನೀವು ಮುಂದಿಟ್ಟಿರುವ ಹತ್ತು ಟಿಕೆಟ್ ಸಡಿಲ ಅಲ್ಲ ಎಂಬುದು ಆ ಪುಟದಲ್ಲೇ ಇದೆ. "ಏನಾದ್ರೂ ಮಾಡಿ, ಎಲ್ಲ ಬೇಕು" ಎಂದೇ ನಿಂತರೆ ಜಗಳ ಬೇಡ: "ಸರಿ ಸರ್, ಟೀಮ್ ಈ ಹತ್ತರಿಂದ ಶುರು ಮಾಡುತ್ತೆ, ಉಳಿದದ್ದು ಈ ಕ್ರಮದಲ್ಲಿ. ಪ್ರತಿ ಶುಕ್ರವಾರ ಎಷ್ಟು ಆಯ್ತು ಅಂತ ಕಳಿಸ್ತೀನಿ." ಅವರು ಒಪ್ಪದಿದ್ದರೂ ಕೆಲಸದ ಕ್ರಮ ನಿಮ್ಮ ಕೈಯಲ್ಲಿರುತ್ತದೆ. ಆರು ವಾರಕ್ಕೆ 38 ಅರೆಬರೆ ಟಿಕೆಟ್ ಇರುವ ಬದಲು 10 ಪೂರ್ತಿ ಇರುತ್ತವೆ.

ಒಂದು ಅಪಾಯ ಈ ದಾರಿಯಲ್ಲೂ ಇದೆ. ಸ್ಪ್ರಿಂಟಿಗೆ 8 ಎಂಬ ಅಂಕಿ ಒಮ್ಮೆ ಮೇಲೆ ಹೋದರೆ "ಪಕ್ಕದ ಟೀಮ್ 14 ಮಾಡುತ್ತಲ್ಲ" ಎಂಬ ಮಾತು ಬರಬಹುದು. ಟೀಮಿನವರು ಟಿಕೆಟ್‌ಗಳನ್ನು ಚೂರು ಚೂರು ಮಾಡಿ ಸಂಖ್ಯೆ ಏರಿಸತೊಡಗಿದರೆ ನಿಮ್ಮ ಸಾಕ್ಷ್ಯವೇ ಕೆಟ್ಟುಹೋಗುತ್ತದೆ. ಆದ್ದರಿಂದ ಪುಟದ ಮೇಲೆ ಬರೆದುಬಿಡಿ: ಈ ಸಂಖ್ಯೆ ಈ ಟೀಮಿನ, ಈ ಬಗೆಯ ಟಿಕೆಟ್‌ಗಳಿಗೆ ಮಾತ್ರ, ದಿನಾಂಕ ಊಹಿಸಲಷ್ಟೇ. ಯಾವ ಹೆಸರೂ ಅದರಲ್ಲಿ ಬೇಡ, ಯಾರು ಎಷ್ಟು ಮುಗಿಸಿದರು ಎಂಬುದಂತೂ ಬೇಡವೇ ಬೇಡ.

ಅಪ್ರೈಸಲಿನ ಭಯ ನಿಮಗೆ ಇರುವುದು ಸಹಜ, ಇಲ್ಲ ಎಂದವರಿಗೆ ಕೆಟ್ಟ ಹೆಸರು ಎಂಬ ನಂಬಿಕೆಯೂ ಪೂರ್ತಿ ಸುಳ್ಳಲ್ಲ. ಲೆಕ್ಕ ಸರಿಯಿದ್ದರೂ ಕೇಳದ ಮ್ಯಾನೇಜರ್‌ಗಳಿದ್ದಾರೆ. ಆದರೆ ಎರಡು ಸಂದರ್ಭ ಹೋಲಿಸಿ: ಮೊದಲ ವಾರ ಎರಡು ಆಯ್ಕೆ ಇಟ್ಟವರು, ಐದನೇ ವಾರ "ಆಗ್ತಿಲ್ಲ ಸರ್" ಎಂದವರು. ಎರಡನೆಯವರಿಗೆ ಕ್ಲೈಂಟಿನ ಮುಂದೆ ಮ್ಯಾನೇಜರ್ ಮುಖ ಉಳಿಸುವ ಯಾವ ದಾರಿಯೂ ಉಳಿದಿರುವುದಿಲ್ಲ. ಅವರನ್ನು ದಾಟಿ ಮೇಲಿನವರಿಗೆ ಹೋಗುವುದು ಮಾತ್ರ ಬೇಡ, ಕನಿಷ್ಠ ಈ ಹಂತದಲ್ಲಿ.

ಸಭೆ ಮುಗಿದ ಅದೇ ಸಂಜೆ ಏನು ತೀರ್ಮಾನವಾಯಿತು, ಏನು ಹೊರಗುಳಿಯಿತು, ಬ್ಯಾಂಕಿಗೆ ಯಾರು ಯಾವಾಗ ಬರೆಯುತ್ತಾರೆ ಎಂದು ನಾಲ್ಕು ಸಾಲಿನ ಮೇಲ್ ಹಾಕಿ. ಹೊಸ ಟಿಕೆಟ್ ಬಂದಾಗಲೆಲ್ಲ ಅದೇ ಮೇಲಿಗೆ ಉತ್ತರವಾಗಿ, ಅದು ಒಳಗೆ ಬಂದರೆ ಹೊರಗೆ ಹೋಗುವುದು ಯಾವುದು ಎಂದು ಕೇಳಿ. ಮೊದಲ ಹತ್ತು ಕೆಲಸದ ದಿನದ ಕೊನೆಗೆ ಎಣಿಸಿ: ಎಂಟರ ಹತ್ತಿರ ಪೂರ್ತಿ ಮುಗಿದಿದ್ದರೆ, ಅಂದರೆ ಟೆಸ್ಟರ್ ಕೂಡ ಒಪ್ಪಿ ಡನ್ ಕಾಲಮಿಗೆ ಹೋಗಿದ್ದರೆ, ಹೀಗೆಯೇ ನಡೆಯಲಿ. ಐದೋ ಆರೋ ಆಗಿದ್ದರೆ ಗುರುತು ಮಾಡಿಟ್ಟ ಆ ಎರಡು ಟಿಕೆಟ್‌ಗಳನ್ನು ಅಂದೇ ಎರಡನೇ ಹಂತಕ್ಕೆ ಹಾಕಿ ಮ್ಯಾನೇಜರ್‌ಗೆ ತಿಳಿಸಿ. ಆಗಲೂ ಅವರ ಕೈಯಲ್ಲಿ ನಾಲ್ಕು ವಾರ ಉಳಿದಿರುತ್ತದೆ.